ರಾಣಿಯ ತೊಡೆ ಮೇಲಿನ ಗಂಟು: ನಾನು ಕೊಬ್ಬು ಅಂದಿದ್ದು ಕೊಬ್ಬಾಗಿರ್ಲಿಲ್ಲ

ರಾಣಿ (ಹೆಸರು ಬದಲಾಯಿಸಿದೀನಿ) ಹಳದಿ ಬಣ್ಣದ ಲ್ಯಾಬ್ರಡಾರ್, ಆಗ 8 ವರ್ಷ, ಗರ್ಭಕೋಶದ ಆಪರೇಷನ್ ಆಗಿತ್ತು, ತೂಕ 38 ಕೆಜಿ ಅಂದ್ರೆ ಅವಳ ಎತ್ತರಕ್ಕೆ ಏಳೆಂಟು ಕೆಜಿ ಜಾಸ್ತಿನೇ. ಮನೆಯವರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು ಮತ್ತೆ ಅವರ ಹೆಂಡತಿ, ಮಕ್ಕಳಿಬ್ಬರೂ ಬೆಂಗಳೂರಲ್ಲಿ, ಹಾಗಾಗಿ ಮನೇಲಿ ರಾಣಿನೇ ಮಗಳು. ನಾನು ಊರಲ್ಲಿ ಸಣ್ಣದೊಂದು ಪ್ರಾಣಿಗಳ ಕ್ಲಿನಿಕ್ ನಡೆಸ್ತೀನಿ, ಅವಳು ಎರಡು ತಿಂಗಳ ಮರಿ ಇದ್ದಾಗಿಂದ ನನ್ನ ಹತ್ರನೇ ಬರ್ತಾಳೆ. ಈ ಕೇಸನ್ನ ಪೂರ್ತಿ ಬರೀತಾ ಇರೋದು ಯಾಕಂದ್ರೆ ಇದರಲ್ಲಿ ಸೂಜಿ ಟೆಸ್ಟ್ ಎಷ್ಟು ಉಪಯೋಗ ಅನ್ನೋದೂ ಇದೆ, ಅದೇ ಟೆಸ್ಟ್ ಎಲ್ಲಿ ಕೈ ಕೊಡತ್ತೆ ಅನ್ನೋದೂ ಇದೆ, ಕೈ ಕೊಟ್ಟಿದ್ದು ನನ್ನ ಕೈಯಲ್ಲೇ.

ಮೊದಲು ಹಳೇ ಗಂಟಿನ ವಿಷಯ. ರಾಣಿಗೆ 6 ವರ್ಷ ಇದ್ದಾಗ ಎದೆಯ ಪಕ್ಕೆ ಮೇಲೆ ಒಂದು ಗಂಟು ಬಂದಿತ್ತು, ಮುಟ್ಟಿದ್ರೆ ಚಳಿಗಾಲದಲ್ಲಿ ಗಟ್ಟಿಯಾದ ತುಪ್ಪದ ಹಾಗೆ ಮೆತ್ತಗೆ, ಚರ್ಮದ ಕೆಳಗೆ ಬೆರಳಿಂದ ತಳ್ಳಿದ್ರೆ ಆ ಕಡೆ ಈ ಕಡೆ ಜಾರೋದು, ನೋವಿಲ್ಲ, ಮೇಲಿನ ಚರ್ಮ ಕೂದಲು ಎಲ್ಲ ಸರಿಯಾಗಿತ್ತು. ಆಗಲೇ ಸೂಜಿ ಹಾಕಿ ನೋಡಿದ್ದೆ, ಕೊಬ್ಬಿನ ಗಡ್ಡೆ, ಡಾಕ್ಟರ್‌ಗಳು ಲಿಪೋಮಾ ಅಂತಾರಲ್ಲ ಅದು. ವಯಸ್ಸಾಗ್ತಿರೋ, ಸ್ವಲ್ಪ ದಪ್ಪ ಇರೋ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್‌ಗಳಲ್ಲಿ ಇದು ತುಂಬ ಸಾಮಾನ್ಯ, ಎದೆ ಹೊಟ್ಟೆ ಕಂಕುಳು ಈ ಕಡೆ ಬರತ್ತೆ, ನಡೆಯೋಕೆ ಅಡ್ಡ ಆಗದಿದ್ರೆ ಹಾಗೇ ಬಿಡಬಹುದು. ಎರಡು ವರ್ಷದಲ್ಲಿ ಅದು ನಿಂಬೆಹಣ್ಣಿನಷ್ಟಾಯ್ತು, ಅಷ್ಟೇ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಕೆಡಿಸಿಕೊಳ್ಳೋ ಅಗತ್ಯನೂ ಇರಲಿಲ್ಲ.

ಆಮೇಲೆ ಒಂದು ಮಳೆಗಾಲ, ಆಗಸ್ಟ್ ಮೊದಲ ವಾರ, ಮೇಷ್ಟ್ರು ಅವಳನ್ನ ಕರ್ಕೊಂಡು ಬಂದ್ರು. ಬಲಗಡೆ ಹಿಂಗಾಲು, ತೊಡೆಯ ಹೊರಮೈ, ಮಂಡಿಗಿಂತ ಸ್ವಲ್ಪ ಮೇಲೆ ಒಂದು ಹೊಸ ಗಂಟು. ಮೊದಲು ಉಣ್ಣಿ ಅಂದ್ಕೊಂಡು ಕೀಳೋಕೆ ಹೋಗಿದ್ರಂತೆ, ಕೂದಲು ಬಿಡಿಸಿ ನೋಡಿದ್ರೆ ಚರ್ಮದ ಒಳಗೇ ಇದೆ. (ಇದನ್ನ ಹೇಳ್ಲೇಬೇಕು, ಉಣ್ಣಿ ಅಂತ ತಿಳ್ಕೊಂಡು ನರಹುಲಿ, ಗಂಡುನಾಯಿಯ ಮೊಲೆತೊಟ್ಟು ಇದನ್ನೆಲ್ಲ ಚಿಮಟದಲ್ಲಿ ಎಳೆದು ರಕ್ತ ಬರಿಸಿಕೊಂಡು ಬರೋರು ಪ್ರತಿ ಮಳೆಗಾಲದಲ್ಲೂ ಇರ್ತಾರೆ, ದಯವಿಟ್ಟು ಕೂದಲು ಬಿಡಿಸಿ ಕಾಲುಗಳು ಕಾಣತ್ತಾ ನೋಡಿ, ಉಣ್ಣಿಗೆ ಚರ್ಮದ ಹತ್ರ ಸಣ್ಣ ಕಾಲುಗಳಿರತ್ತೆ.)

"ಡಾಕ್ಟ್ರೇ, ಎದೆ ಮೇಲಿರೋ ಅದೇ ಕೊಬ್ಬು ಇಲ್ಲೂ ಬಂದಿದೆ ಅನ್ಸತ್ತೆ, ಮುಟ್ಟಿದ್ರೆ ಹಂಗೇ ಇದೆ" ಅಂದ್ರು ಮೇಷ್ಟ್ರು. ನಾನೂ ಮುಟ್ಟಿ ನೋಡಿದೆ, ಹೆಚ್ಚುಕಮ್ಮಿ ಹಂಗೇ ಇತ್ತು. ಅಳತೆ ಮಾಡ್ದೆ, ಒಂದೂವರೆ ಸೆಂಟಿಮೀಟರ್, ಮೆತ್ತಗೆ, ಚರ್ಮದ ಕೆಳಗೆ. ಎಷ್ಟು ದಿನ ಆಯ್ತು ಅಂದ್ರೆ ಎರಡು ಮೂರು ವಾರ ಅಂದ್ರು.

ಮೈ ಪೂರ್ತಿ ತಡವಿ ನೋಡಿದ್ರಲ್ಲಿ ಇನ್ನೂ ಒಂದು ಸಿಕ್ತು, ಕುತ್ತಿಗೆ ಹತ್ರ ಹೂಕೋಸಿನ ಸಣ್ಣ ಚೂರು ಅಂಟಿಸಿದ ಹಾಗೆ ಗುಲಾಬಿ ಬಣ್ಣದ ಎಣ್ಣೆ ಎಣ್ಣೆ ನರಹುಲಿ. ಅದು ಚರ್ಮದ ಎಣ್ಣೆ ಗ್ರಂಥಿ ಬೆಳೆದು ಆಗೋದು, ವಯಸ್ಸಾದ ನಾಯಿಗಳಿಗೆ ಒಂದಾದ ಮೇಲೊಂದು ಬರ್ತಾನೇ ಇರತ್ತೆ, ಪೂಡಲ್, ಕಾಕರ್, ಶಿಟ್ಜು ಸಾಕಿದೋರಿಗಂತೂ ಚೆನ್ನಾಗಿ ಗೊತ್ತು, ಕೆರೆದುಕೊಂಡು ರಕ್ತ ಬರದಿದ್ರೆ ಅದರ ಪಾಡಿಗೆ ಬಿಡಬಹುದು. ಅದನ್ನ ನೋಟ್ ಮಾಡಿಕೊಂಡು ಬಿಟ್ಟೆ. ತೊಡೆದಕ್ಕೆ ಮಾತ್ರ ಸೂಜಿ ಹಾಕೋಣ ಅಂದೆ.

ಮೇಷ್ಟ್ರಿಗೆ ಅದು ಯಾಕೆ ಬೇಕು ಅನ್ನೋದು ಪ್ರಶ್ನೆ. ಒಂದು ಸಲ ಟೆಸ್ಟ್ ಮಾಡಿ ಕೊಬ್ಬು ಅಂತ ಗೊತ್ತಾಗಿದೆಯಲ್ಲ, ಇದೂ ಅದೇ ತರ ಇದೆಯಲ್ಲ. ನಾನು ಅವರಿಗೆ ಹೇಳಿದ್ದು, ಒಂದು ಗಂಟಿನ ರಿಪೋರ್ಟ್ ಇನ್ನೊಂದು ಗಂಟಿಗೆ ಆಗಲ್ಲ, ಅವೆರಡೂ ಬೇರೆ ಬೇರೆ ಹುಟ್ಟಿದ್ದು. ಇನ್ನೊಂದು, ಎಷ್ಟೇ ವರ್ಷ ಅನುಭವ ಇದ್ರೂ ಬೆರಳಿಗೆ ಜೀವಕೋಶ ಕಾಣಲ್ಲ. ನಾಯಿಗಳಲ್ಲಿ ಮಾಸ್ಟ್ ಸೆಲ್ ಟ್ಯೂಮರ್ ಅಂತ ಒಂದು ಕ್ಯಾನ್ಸರ್ ಇದೆ, ಚರ್ಮದ ಕ್ಯಾನ್ಸರ್‌ಗಳಲ್ಲಿ ತುಂಬ ಸಾಮಾನ್ಯವಾಗಿ ಬರೋದರಲ್ಲಿ ಒಂದು, ಅದು ಯಾವ ವೇಷದಲ್ಲಾದ್ರೂ ಬರತ್ತೆ, ನರಹುಲಿ ತರ, ಕೀಟ ಕಚ್ಚಿದ ದದ್ದಿನ ತರ, ವಾಸಿಯಾಗದ ಹುಣ್ಣಿನ ತರ, ಮತ್ತೆ ಚರ್ಮದ ಕೆಳಗೆ ಮೆತ್ತಗೆ ಕೊಬ್ಬಿನ ಗಡ್ಡೆ ತರ. ಬಾಕ್ಸರ್, ಪಗ್, ಲ್ಯಾಬ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಜಾಸ್ತಿ ನೋಡ್ತೀವಿ. ಲ್ಯಾಬ್ ಅಂದ್ರೆ ಎರಡೂ ಬರೋ ಜಾತಿ, ಕೊಬ್ಬಿನ ಗಡ್ಡೆನೂ ಬರತ್ತೆ, ಮಾಸ್ಟ್ ಸೆಲ್ಲೂ ಬರತ್ತೆ, ಅದಕ್ಕೇ ಲ್ಯಾಬ್ ಮೇಲೆ ಕೈಯಿಟ್ಟು ಕೊಬ್ಬು ಅಂತ ಹೇಳಿ ಕಳಿಸೋದು ನನಗೆ ಇಷ್ಟ ಇಲ್ಲ.

ಟೆಸ್ಟ್ ಹೇಗೆ ಮಾಡೋದು ಅಂತ ಮನೆಯವರಿಗೆ ಗೊತ್ತಿದ್ರೆ ಅರ್ಧ ಹೆದರಿಕೆ ಹೋಗತ್ತೆ. ಮನುಷ್ಯರ ಆಸ್ಪತ್ರೇಲಿ ಎಫ್‌ಎನ್‌ಎಸಿ ಅಂತಾರಲ್ಲ, ಅದೇ. ಲಸಿಕೆ ಹಾಕೋ ಸೂಜಿಯಷ್ಟೇ ಸಣ್ಣದು, 22 ಅಥವಾ 23 ಗೇಜ್, ಸಾಮಾನ್ಯವಾಗಿ ಮತ್ತು ಬರೋ ಇಂಜೆಕ್ಷನ್ ಏನೂ ಬೇಡ, ಒಬ್ಬರು ತಲೆ ಹಿಡ್ಕೊಂಡು ಮಾತಾಡಿಸ್ತಾ ಇದ್ರೆ ಸಾಕು. ಗಂಟನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಅಲುಗಾಡದ ಹಾಗೆ ಹಿಡಿದು, ಸೂಜಿ ಮಾತ್ರ ಚುಚ್ಚಿ, ಹೊರಗೆ ತೆಗೀದೆ ಒಳಗೇ ಐದಾರು ಸಲ ಬೇರೆ ಬೇರೆ ಕಡೆಗೆ ಹಿಂದೆ ಮುಂದೆ ಮಾಡ್ಬೇಕು, ಆವಾಗ ಸೂಜಿಯ ಕೊಳವೆಯೊಳಗೆ ಒಂದಿಷ್ಟು ಜೀವಕೋಶ ತುಂಬಿಕೊಳ್ಳತ್ತೆ. ಸೂಜಿ ಹೊರಗೆ ತೆಗೆದು, ಗಾಳಿ ತುಂಬಿದ ಸಿರಿಂಜ್ ಸಿಕ್ಕಿಸಿ ಗಾಜಿನ ಸ್ಲೈಡ್ ಮೇಲೆ ಫಟ್ ಅಂತ ಊದಬೇಕು, ಇನ್ನೊಂದು ಸ್ಲೈಡ್ ಅದರ ಮೇಲಿಟ್ಟು ಒತ್ತದೆ ನಯವಾಗಿ ಎಳೆದು, ಗಾಳಿಗೆ ಒಣಗಿಸಿ, ಕೋಶ ಕಾಣೋ ಹಾಗೆ ಸ್ಟೇನ್ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು. ಕ್ಲಿನಿಕ್ಕಲ್ಲಿ ತೆಗೆದ ಗಂಟಿನ ತುಂಡು ಕೆಡದ ಹಾಗೆ ಇಡೋ ಫಾರ್ಮಲಿನ್ ಡಬ್ಬಿ ತೆರೆದಿದ್ರೆ ಅದರ ಹೊಗೆ ತಾಗಿಯೇ ಸ್ಲೈಡ್ ಹಾಳಾಗತ್ತೆ, ಸ್ಟೇನ್ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಬಯಾಪ್ಸಿ ಡಬ್ಬಿ ಮತ್ತೆ ಸೂಜಿ ಸ್ಲೈಡ್ ಎರಡನ್ನೂ ಒಂದೇ ಕವರಲ್ಲಿ ಹಾಕಿ ಲ್ಯಾಬಿಗೆ ಕಳಿಸಬಾರದು, ಇದು ನಮ್ಮ ಕಡೆ ಆಗ್ತಾನೇ ಇರೋ ತಪ್ಪು.

ಅವತ್ತು ರಾಣಿ ಗಂಟಿಗೆ ಒಂದೇ ಸಲ ಚುಚ್ಚಿದೆ. ಸ್ಲೈಡ್ ಮೇಲೆ ಎಣ್ಣೆ ಹನಿ ಬಿದ್ದ ಹಾಗೆ ಹೊಳೀತು, ಫ್ಯಾನ್ ಕೆಳಗೆ ಇಟ್ರೂ ಒಣಗಲಿಲ್ಲ. ಕೊಬ್ಬಿನ ಲಕ್ಷಣನೇ ಅದು. ಸ್ಟೇನ್ ಮಾಡುವಾಗ ಮೊದಲು ಅದ್ದೋದು ಆಲ್ಕೋಹಾಲ್, ಅದರಲ್ಲಿ ಕೊಬ್ಬು ಕರಗಿ ತೊಳೆದು ಹೋಗಿ ಸ್ಲೈಡ್ ಹೆಚ್ಚುಕಡಿಮೆ ಖಾಲಿ ಕಾಣತ್ತೆ, ಅಲ್ಲಲ್ಲಿ ನಾಲ್ಕಾರು ದೊಡ್ಡ ಗುಳ್ಳೆ ತರದ ಕೊಬ್ಬಿನ ಕೋಶ ಉಳಿದಿರತ್ತೆ. ಹಾಗೇ ಕಾಣ್ತು. ಕೊಬ್ಬು ಅಂತ ಕಾರ್ಡಲ್ಲಿ ಬರೆದು, ಊಟ ಕಮ್ಮಿ ಮಾಡಿ, ದಿನಾ ವಾಕಿಂಗ್ ಮಾಡ್ಸಿ ಅಂತ ಹೇಳಿ ಕಳಿಸಿದೆ.

ತಪ್ಪು ಎಲ್ಲಾಯ್ತು ಅಂದ್ರೆ, ಸೂಜಿಯಲ್ಲಿ ಕೊಬ್ಬು ಬಂದ್ರೆ ಅದಕ್ಕೆ ಎರಡು ಅರ್ಥ ಇರಬಹುದು. ಗಂಟೇ ಕೊಬ್ಬಿಂದು ಅಂತ ಒಂದು, ಸೂಜಿ ಗಂಟನ್ನ ತಪ್ಪಿಸಿ ಪಕ್ಕದಲ್ಲಿರೋ ಮಾಮೂಲಿ ಕೊಬ್ಬಿಗೆ ಹೋಗಿದೆ ಅಂತ ಇನ್ನೊಂದು. ಕೊಬ್ಬಿನ ಗಡ್ಡೆಯ ಕೋಶಕ್ಕೂ ಚರ್ಮದ ಕೆಳಗಿನ ಸಾಮಾನ್ಯ ಕೊಬ್ಬಿನ ಕೋಶಕ್ಕೂ ಮೈಕ್ರೋಸ್ಕೋಪಲ್ಲಿ ಒಂಚೂರೂ ವ್ಯತ್ಯಾಸ ಇಲ್ಲ. ಎದೆ ಮೇಲಿನ ನಿಂಬೆಹಣ್ಣಿನಷ್ಟು ದೊಡ್ಡ ಗಂಟಲ್ಲಿ ಸೂಜಿ ತಪ್ಪೋ ಮಾತೇ ಇಲ್ಲ, ಆದ್ರೆ ಏಳೆಂಟು ಕೆಜಿ ಜಾಸ್ತಿ ಇರೋ ನಾಯಿಯ ತೊಡೆಯಲ್ಲಿ, ಒಂದೂವರೆ ಸೆಂಟಿಮೀಟರ್ ಗಂಟಲ್ಲಿ, ಒಂದೇ ಸಲ ಚುಚ್ಚಿ ಬಂದಿದ್ದನ್ನ ಉತ್ತರ ಅಂತ ಒಪ್ಪಿಕೊಂಡಿದ್ದು ನನ್ನ ತಪ್ಪು. ಈಗ ನೆನೆಸಿಕೊಂಡ್ರೆ ಸುಳಿವು ಅವತ್ತೇ ಇತ್ತು, ಎದೆದು ಜಾರ್ತಿತ್ತು, ತೊಡೆದು ಅಷ್ಟು ಸಲೀಸಾಗಿ ಜಾರ್ತಿರಲಿಲ್ಲ, ಮೇಲೆ ಮೆತ್ತಗಿದ್ರೂ ಒಳಗೆ ನಡುವಲ್ಲಿ ಕಡ್ಲೆಕಾಳಿನಷ್ಟು ಗಟ್ಟಿ ತಿರುಳು ಬೆರಳಿಗೆ ಸಿಗ್ತಿತ್ತು, ಎದೆ ಗಂಟು ತಿಂಗಳುಗಟ್ಟಲೆ ನಿಧಾನಕ್ಕೆ ಬಂದಿದ್ದು, ಇದು ಎರಡು ಮೂರು ವಾರದಲ್ಲಿ ಬಂದಿದ್ದು. ರಿಪೋರ್ಟು ಒಂದು ಹೇಳತ್ತೆ, ಗಂಟಿನ ನಡವಳಿಕೆ ಇನ್ನೊಂದು ಹೇಳತ್ತೆ ಅಂದ್ರೆ ರಿಪೋರ್ಟನ್ನ ನಂಬೋ ಮೊದಲು ಇನ್ನೊಂದು ಸಲ ಚುಚ್ಚಬೇಕು.

ಆರು ವಾರ ಬಿಟ್ಟು ಮೇಷ್ಟ್ರ ಹೆಂಡತಿ ಫೋನ್ ಮಾಡಿದ್ರು. ಅವರು ಹೇಳಿದ್ದನ್ನ ಹಾಗೇ ಬರೀತೀನಿ, ಯಾಕಂದ್ರೆ ರಾಣಿಯನ್ನ ಉಳಿಸಿದ್ದು ಆ ಮಾತೇ.

"ಡಾಕ್ಟ್ರೇ, ನೀವು ಕೊಬ್ಬು ಅಂದ್ರಲ್ಲ, ಆದ್ರೆ ಸ್ನಾನ ಮಾಡಿಸಿ ಟವಲ್ಲಲ್ಲಿ ಉಜ್ಜಿದ ದಿನ ಅದು ಕೆಂಪಗೆ ಊದಿಕೊಳ್ಳತ್ತೆ, ಮಾರನೇ ದಿನ ಇಳಿದುಹೋಗತ್ತೆ. ಮೂರು ಸಲ ನೋಡ್ದೆ. ಕೊಬ್ಬು ಹಿಂಗೆ ಮಾಡತ್ತಾ?"

ಮಾಡಲ್ಲ ಅಮ್ಮ, ನಾಳೆ ಬೆಳಿಗ್ಗೇನೇ ಕರ್ಕೊಂಡು ಬನ್ನಿ ಅಂದೆ.

ಮಾಸ್ಟ್ ಸೆಲ್ ಅಂದ್ರೆ ಎಲ್ಲ ನಾಯಿ ಎಲ್ಲ ಮನುಷ್ಯರ ಮೈಯಲ್ಲೂ ಇರೋ ಕೋಶನೇ, ಅಲರ್ಜಿ ಆದಾಗ ಹಿಸ್ಟಮಿನ್ ಬಿಡೋದು ಅದೇ. ಆ ಕೋಶದ ಹೊಟ್ಟೆ ತುಂಬ ಹಿಸ್ಟಮಿನ್, ಹೆಪಾರಿನ್ ತುಂಬಿದ ಕಾಳುಗಳಿರತ್ತೆ. ಅದೇ ಕೋಶ ಕ್ಯಾನ್ಸರ್ ಆಗಿ ಗುಂಪು ಕಟ್ಟಿಕೊಂಡಾಗ, ಉಜ್ಜಿದ್ರೆ ಒತ್ತಿದ್ರೆ ಆ ಕಾಳುಗಳು ಒಡೆದು ಸುತ್ತ ಕೆಂಪಾಗತ್ತೆ, ಊದತ್ತೆ, ಆಮೇಲೆ ತಾನೇ ಇಳಿಯತ್ತೆ. ದೊಡ್ಡದಾಗಿ ಚಿಕ್ಕದಾಗೋ ಗಂಟನ್ನ ನೋಡಿ ಜನ ಕಮ್ಮಿ ಆಗ್ತಿದೆ ಅಂತ ಸಮಾಧಾನ ಪಡ್ತಾರೆ, ನಮಗೆ ಅದೇ ಎಚ್ಚರಿಕೆ. ಹಿಸ್ಟಮಿನ್ ರಕ್ತದಲ್ಲಿ ಜಾಸ್ತಿ ಆದ್ರೆ ಹೊಟ್ಟೇಲಿ ಆಸಿಡ್ ಜಾಸ್ತಿ ಆಗಿ ವಾಂತಿ, ಕಪ್ಪು ಟಾರಿನ ತರ ಮಲ ಕೂಡ ಆಗಬಹುದು. ಕೇಳಿದಾಗ ಗೊತ್ತಾಯ್ತು, ರಾಣಿ ಆ ತಿಂಗಳಲ್ಲಿ ಎರಡು ಸಲ ವಾಂತಿ ಮಾಡಿದ್ಲು, ಹುಲ್ಲು ತಿಂದಿದ್ದಕ್ಕೆ ಅಂತ ಬಿಟ್ಟಿದ್ರು.

ಇನ್ನೊಂದೂ ಗೊತ್ತಾಯ್ತು. ಮೇಷ್ಟ್ರು ಮಧ್ಯದಲ್ಲಿ ಮೆಡಿಕಲ್ ಶಾಪಿಂದ ಒಂದು ಮುಲಾಮು ತಂದು ಹತ್ತು ದಿನ ಹಚ್ಚಿದ್ರು, ಟ್ಯೂಬ್ ತಂದು ತೋರಿಸಿದ್ರು, ಸ್ಟೀರಾಯ್ಡ್. ಹಚ್ಚಿದಾಗ ಗಂಟು ಸಣ್ಣದಾಗಿತ್ತಂತೆ, ಆಗಿರಲೇಬೇಕು. ಸ್ಟೀರಾಯ್ಡ್ ಮಾಸ್ಟ್ ಸೆಲ್ ಗಂಟನ್ನ ತಾತ್ಕಾಲಿಕವಾಗಿ ಕುಗ್ಗಿಸತ್ತೆ, ಬೇರು ಅಲ್ಲೇ ಇರತ್ತೆ, ಜೊತೆಗೆ ಟೆಸ್ಟಲ್ಲಿ ಸಿಗೋ ಕೋಶಗಳೂ ಕಮ್ಮಿ ಆಗಬಹುದು. ಹೆಸರಿಡದ ಗಂಟಿಗೆ ಸ್ಟೀರಾಯ್ಡ್ ಮುಲಾಮು, ಸ್ಟೀರಾಯ್ಡ್ ಇಂಜೆಕ್ಷನ್ ಎರಡೂ ಬೇಡ, ಅರಿಶಿನ ಸುಣ್ಣನೂ ಬೇಡ, ಅದನ್ನ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ತವೆ, ಹಿಸುಕಿ ಒಡೆಯೋದಂತೂ ಬೇಡವೇ ಬೇಡ.

ಮಾರನೇ ದಿನ ನೋಡಿದಾಗ 2 ಸೆಂಟಿಮೀಟರ್. ಈ ಸಲ ಕೂದಲು ಬೋಳಿಸಿ, ಆ ಒಳಗಿನ ಗಟ್ಟಿ ತಿರುಳನ್ನೇ ಬೆರಳ ಮಧ್ಯೆ ಹಿಡ್ಕೊಂಡು, ಮೂರು ಬೇರೆ ಬೇರೆ ಜಾಗದಿಂದ ಮೂರು ಹೊಸ ಸೂಜಿಯಲ್ಲಿ ತೆಗೆದೆ. ಒಂದು ಸ್ಲೈಡಲ್ಲಿ ಮತ್ತೆ ಬರೀ ಎಣ್ಣೆ. ಇನ್ನೆರಡರಲ್ಲಿ ಸ್ವಲ್ಪ ಮಬ್ಬಾದ, ಬೇಗ ಒಣಗಿದ ತೆಳು ಪೊರೆ. ಕ್ಲಿನಿಕ್ಕಲ್ಲಿರೋ ಬೇಗ ಆಗೋ ಸ್ಟೇನ್ ಹಾಕಿ ನೋಡಿದ್ರೆ ದುಂಡು ಕೋಶಗಳು ತುಂಬ ಇದಾವೆ, ಆದ್ರೆ ಕಾಳು ಅಷ್ಟು ಸ್ಪಷ್ಟ ಇಲ್ಲ. ಆ ಸ್ಟೇನಲ್ಲಿ ಕೆಲವೊಮ್ಮೆ ಮಾಸ್ಟ್ ಸೆಲ್ ಕಾಳು ಬಣ್ಣ ಹಿಡಿಯಲ್ಲ, ಇದು ಗೊತ್ತಿಲ್ಲದೇ ಹೋದ್ರೆ ಇಲ್ಲೂ ಒಂದು ಸಲ ಎಡವಬಹುದು. ಇನ್ನೊಂದು ಸ್ಲೈಡಿಗೆ ಜೀಮ್ಸಾ ಅನ್ನೋ ಬೇರೆ ಸ್ಟೇನ್ ಹಾಕಿದೆ, ಆವಾಗ ಕಾಣ್ತು, ಕೋಶದ ತುಂಬ ಗಸಗಸೆ ಚೆಲ್ಲಿದ ಹಾಗೆ ನೇರಳೆ ಬಣ್ಣದ ಕಾಳು, ಒಡೆದ ಕೋಶಗಳ ಸುತ್ತ ಹಿನ್ನೆಲೆಯಲ್ಲೂ ಅದೇ ಕಾಳು, ಪಕ್ಕದಲ್ಲಿ ಈಸಿನೋಫಿಲ್ ಅನ್ನೋ ಕಿತ್ತಳೆ ಚುಕ್ಕಿ ಬಿಳಿ ರಕ್ತಕಣ. ಮೈಕ್ರೋಸ್ಕೋಪಿಂದ ತಲೆ ಎತ್ತೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯ್ತು.

ಚುಚ್ಚಿದ ಜಾಗ ಆಗಲೇ ಊದೋಕೆ ಶುರು ಆಗಿತ್ತು, ಹಿಸ್ಟಮಿನ್ ತಡೆಯೋ ಫೆನಿರಮಿನ್ ಇಂಜೆಕ್ಷನ್ ಕೊಟ್ಟೆ, ಅರ್ಧ ಗಂಟೆ ಕೂರಿಸಿಕೊಂಡೆ. ಹೊರಗೆ ಬಂದು ಇಬ್ಬರಿಗೂ ಹೇಳ್ದೆ, ಹೋದ ಸಲ ನಾನು ಕೊಬ್ಬು ಅಂದಿದ್ದು ತಪ್ಪು, ನನ್ನ ಸೂಜಿ ಗಂಟಿಗೆ ತಾಗಿರಲಿಲ್ಲ, ಇದು ಮಾಸ್ಟ್ ಸೆಲ್ ಟ್ಯೂಮರ್ ಅಂತ. ಮೇಷ್ಟ್ರು ಏನೂ ಮಾತಾಡಲಿಲ್ಲ. ಅಮ್ಮ ಕೇಳಿದ್ದು ಒಂದೇ, "ನೀವು ಹಿಂಗೆ ಚುಚ್ಚಿದ್ರಿಂದ ಅದು ಹರಡಲ್ವಾ?"

ಈ ಪ್ರಶ್ನೆ ಪ್ರತಿ ಮನೆಯಿಂದಲೂ ಬರತ್ತೆ, ಸೂಜಿ ತಾಗಿದ್ರೆ ಕ್ಯಾನ್ಸರ್ ಕೆರಳತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಮನುಷ್ಯರ ವಿಷಯದಲ್ಲೂ ಇದೆ. ಚರ್ಮದ ಗಂಟಿಗೆ ಸಣ್ಣ ಸೂಜಿ ಹಾಕಿದ್ರಿಂದ ಕ್ಯಾನ್ಸರ್ ಹರಡೋದು ತೀರಾ ಅಪರೂಪ, ಹೇಗೂ ಆಪರೇಷನ್ ಮಾಡುವಾಗ ಆ ಸೂಜಿ ಹೋದ ದಾರಿಯನ್ನೂ ಸೇರಿಸಿ ತೆಗೀತೀವಿ. ಮೂತ್ರಕೋಶದ ಒಂದು ತರದ ಕ್ಯಾನ್ಸರ್ ಇದೆ, ಅದಕ್ಕೆ ಹೊಟ್ಟೆ ಮೂಲಕ ಸೂಜಿ ಹಾಕಬಾರದು ಅನ್ನೋದು ನಿಜ, ಆದ್ರೆ ಅದು ಬೇರೆ ವಿಷಯ. ಚರ್ಮದಲ್ಲಿ ನಿಜವಾದ ತೊಂದರೆ ಅಂದ್ರೆ ಊತ, ಒಂದೆರಡು ಹನಿ ರಕ್ತ, ಕಜ್ಜಿ ತರ ಕೆರೆತ. ಉಣ್ಣಿ ಜ್ವರ ಆಗಿ ಪ್ಲೇಟ್‌ಲೆಟ್ ಕಮ್ಮಿ ಇರೋ ನಾಯಿಗೆ ಮಾತ್ರ ರಕ್ತ ನಿಲ್ಲೋದು ತಡ ಆಗಬಹುದು, ಅಂಥದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡ್ಕೋತೀನಿ.

ಸೂಜಿ ಟೆಸ್ಟ್ ಇದು ಮಾಸ್ಟ್ ಸೆಲ್ ಅಂತ ಹೇಳ್ತು, ಆದ್ರೆ ಎಷ್ಟು ಕೆಟ್ಟದು ಅಂತ ಪೂರ್ತಿ ಹೇಳಲ್ಲ, ಅದಕ್ಕೆ ಗಂಟಿನ ತುಂಡೇ ಬೇಕು, ಕೋಶಗಳು ಸುತ್ತಲಿನ ಮಾಂಸದೊಳಗೆ ಹೇಗೆ ನುಗ್ಗಿದಾವೆ ಅನ್ನೋದು ಬಿಡಿ ಕೋಶ ನೋಡಿ ಗೊತ್ತಾಗಲ್ಲ. ಹಾಗಿದ್ರೂ ಆಪರೇಷನ್‌ಗೆ ಮೊದಲೇ ಹೆಸರು ಗೊತ್ತಾಗಿದ್ದು ಎಷ್ಟು ದೊಡ್ಡ ವ್ಯತ್ಯಾಸ ಮಾಡ್ತು ಅಂತ ಹೇಳ್ತೀನಿ. ಕೊಬ್ಬಿನ ಗಡ್ಡೆ ತೆಗಿಯೋದು ಅಂದ್ರೆ ಚರ್ಮ ಸೀಳಿ ಬೆರಳಲ್ಲಿ ಬಿಡಿಸಿ ಹೊರಗೆ ತೆಗೆದು ಹೊಲಿಗೆ ಹಾಕೋದು. ಮಾಸ್ಟ್ ಸೆಲ್ಲನ್ನ ಹಾಗೆ ತೆಗೆದ್ರೆ ಸುತ್ತ ಉಳಿದ ಕೋಶದಿಂದ ಅದೇ ಜಾಗದಲ್ಲಿ ಮತ್ತೆ ಬೆಳೆಯತ್ತೆ, ಎರಡನೇ ಸಲ ತೆಗೆಯೋದು ಮೊದಲನೇ ಸಲಕ್ಕಿಂತ ಕಷ್ಟ. ಇದಕ್ಕೆ ಗಂಟಿನ ಸುತ್ತ ಎಲ್ಲ ಕಡೆ ಸುಮಾರು 2 ಸೆಂಟಿಮೀಟರ್ ಚೆನ್ನಾಗಿರೋ ಚರ್ಮ, ಕೆಳಗಡೆ ಸ್ನಾಯು ಮೇಲಿನ ಗಟ್ಟಿ ಪೊರೆ ಒಂದು ಪದರ, ಇಷ್ಟನ್ನೂ ಸೇರಿಸಿ ಒಂದೇ ತುಂಡಾಗಿ ತೆಗೀಬೇಕು. ಲೆಕ್ಕ ಹಾಕಿ ನೋಡಿ, 2 ಸೆಂಟಿಮೀಟರ್ ಗಂಟಿಗೆ 6 ಸೆಂಟಿಮೀಟರ್ ಅಗಲದ ತುಂಡು ಹೋಗತ್ತೆ. ಬೆನ್ನ ಮೇಲೆ ಚರ್ಮ ಸಡಿಲ, ಅಲ್ಲಿ ಹೊಲಿಬಹುದು, ತೊಡೆಯ ಮೇಲ್ಭಾಗದಲ್ಲಿ ಕಷ್ಟಪಟ್ಟು ಆಗತ್ತೆ, ಅದೇ ಗಂಟು ಪಾದದ ಹತ್ರ, ತುಟಿಯಲ್ಲಿ, ಕಣ್ಣಿನ ರೆಪ್ಪೆಯಲ್ಲಿ, ಗುದದ ಪಕ್ಕ ಇದ್ದಿದ್ರೆ ಕಡ್ಲೆಕಾಳಿನಷ್ಟಿದ್ದಾಗ ಆಗೋ ಕೆಲಸ ದ್ರಾಕ್ಷಿಯಷ್ಟಾದಾಗ ಆಗಲ್ಲ. ಹೊಸ ಗಂಟಿಗೆ ಬೇಗ ಸೂಜಿ ಹಾಕಿಸಿ ಅಂತ ನಾವು ಹೇಳೋದರ ಹಿಂದೆ ಇರೋ ಕಾರಣ ಇದು, ಹೊಲಿಯೋಕೆ ಚರ್ಮ ಉಳಿದಿರಬೇಕು.

ನಾನು ಮನೆಯವರಿಗೆ ಹೇಳೋ ಲೆಕ್ಕ ಏನಂದ್ರೆ, ಗಂಟು ಬಟಾಣಿ ಕಾಳಿನಷ್ಟು ಅಂದ್ರೆ ಸುಮಾರು 1 ಸೆಂಟಿಮೀಟರ್ ಆಗಿದ್ರೆ, ಅಥವಾ ಒಂದು ತಿಂಗಳಾದ್ರೂ ಹೋಗದೇ ಇದ್ರೆ ಸೂಜಿ ಹಾಕಿಸಿ. ಅದಕ್ಕಿಂತ ಸಣ್ಣದಾಗಿದ್ರೂ ಬೆಳೀತಾ ಇದ್ರೆ, ಕೆಂಪಾಗಿ ಊದಿ ಇಳೀತಾ ಇದ್ರೆ, ಮೇಲೆ ಹುಣ್ಣಾಗಿದ್ರೆ, ಈಗ ಹೇಳಿದ ಇಕ್ಕಟ್ಟಿನ ಜಾಗಗಳಲ್ಲಿದ್ರೆ ತಿಂಗಳು ಕಾಯಬೇಡಿ. ಗರ್ಭಕೋಶ ತೆಗೆಸದ ಹೆಣ್ಣುನಾಯಿಯ ಮೊಲೆಯ ಸಾಲಿನ ಗಂಟನ್ನ ಈ ಲೆಕ್ಕಕ್ಕೆ ಸೇರಿಸಲೇಬೇಡಿ, ಅದರಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರತ್ತೆ, ಎಷ್ಟೇ ಸಣ್ಣದಿದ್ರೂ ತೋರಿಸಿ.

ಕಾಯಬಹುದಾದ್ದೂ ಇದೆ. ಒಂದೆರಡು ವರ್ಷದ ನಾಯಿಗೆ ಕಿವಿ, ಮುಖ, ಕಾಲ ಮೇಲೆ ಅಂಗಿ ಗುಂಡಿ ತರ ಕೆಂಪಗೆ, ದುಂಡಗೆ, ಕೂದಲಿಲ್ಲದ ಗಂಟು ವಾರದಲ್ಲಿ ಎದ್ದು ಬರತ್ತೆ, ನೋಡಿದ್ರೆ ಹೆದರಿಕೆ ಆಗತ್ತೆ, ಸೂಜಿಯಲ್ಲಿ ಹಿಸ್ಟಿಯೋಸೈಟೋಮಾ ಅಂತ ಬಂದ್ರೆ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ತಾನೇ ಉದುರಿ ಹೋಗತ್ತೆ. ಅದಕ್ಕೂ ಸ್ಟೀರಾಯ್ಡ್ ಕೊಡಬಾರದು, ಅದನ್ನ ಕರಗಿಸೋದು ನಾಯಿಯ ರೋಗನಿರೋಧಕ ಶಕ್ತಿನೇ, ಅದನ್ನೇ ಅಡಗಿಸಿದ ಹಾಗಾಗತ್ತೆ. ಮರಿಗಳ ಬಾಯಲ್ಲಿ ಬರೋ ವೈರಸ್ ನರಹುಲಿಯೂ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಹೋಗತ್ತೆ.

ಬೆಕ್ಕಿನ ವಿಷಯ ಬೇರೆ. ಬೆಕ್ಕಿಗೆ ಚರ್ಮದ ಗಂಟು ನಾಯಿಗಿಂತ ಕಮ್ಮಿ ಬರತ್ತೆ, ಆದ್ರೆ ಬಂದಾಗ ಕೆಟ್ಟದ್ದಾಗಿರೋ ಸಾಧ್ಯತೆ ನಾಯಿಗಿಂತ ಜಾಸ್ತಿ, ಹಾಗಾಗಿ ಬೆಕ್ಕಿನಲ್ಲಿ ನಾನು ನೋಡೋಣ ಬಿಡಿ ಅನ್ನಲ್ಲ. ರಾತ್ರೋರಾತ್ರಿ ಎದ್ದ, ಬಿಸಿಯಾದ, ಮುಟ್ಟಿದ್ರೆ ಕಚ್ಚೋಕೆ ಬರೋ ಗಂಟು, ಜೊತೆಗೆ ಜ್ವರ, ಊಟ ಬಿಟ್ಟಿರೋದು ಅಂದ್ರೆ ಬಹುತೇಕ ಜಗಳದಲ್ಲಿ ಕಚ್ಚಿಸಿಕೊಂಡು ಕೀವು ತುಂಬಿದ ಕುರು, ಸೂಜಿ ಹಾಕಿದ್ರೆ ಕೀವೇ ಬರತ್ತೆ. ಲಸಿಕೆ ಅಥವಾ ಬೇರೆ ಇಂಜೆಕ್ಷನ್ ಹಾಕಿದ ಜಾಗದಲ್ಲಿ ಸಣ್ಣ ಗಂಟು ಬಂದು ಕೆಲವು ವಾರದಲ್ಲಿ ಕರಗೋದು ಸಹಜ, ಆದ್ರೆ ಅದು ಇಂಜೆಕ್ಷನ್ ಆಗಿ 3 ತಿಂಗಳಾದ್ರೂ ಇದ್ರೆ, ಅಥವಾ 2 ಸೆಂಟಿಮೀಟರ್‌ಗಿಂತ ದೊಡ್ಡದಿದ್ರೆ, ಅಥವಾ 1 ತಿಂಗಳಾದ ಮೇಲೂ ಬೆಳೀತಾನೇ ಇದ್ರೆ, ಈ ಮೂರರಲ್ಲಿ ಒಂದಿದ್ರೂ ಬಯಾಪ್ಸಿ ಮಾಡಿಸಬೇಕು. ಅಲ್ಲಿ ಬರೋ ಸಾರ್ಕೋಮಾ ಅನ್ನೋ ಕ್ಯಾನ್ಸರ್ ಸೂಜಿಗೆ ಕೋಶ ಸುಲಭಕ್ಕೆ ಬಿಟ್ಟುಕೊಡಲ್ಲ, ಸೂಜಿಯಲ್ಲಿ ಏನೂ ಬರಲಿಲ್ಲ ಅಂತ ಬಿಟ್ರೆ ಮೋಸ ಹೋಗ್ತೀವಿ. ಇದಕ್ಕೆ ಹೆದರಿ ರೇಬೀಸ್ ಲಸಿಕೆ ಮಾತ್ರ ಬಿಡಬೇಡಿ, ಈ ಕ್ಯಾನ್ಸರ್ ಬಹಳ ಅಪರೂಪ, ರೇಬೀಸ್ ನಮ್ಮ ಬೀದಿಯಲ್ಲೇ ಇದೆ.

ರಾಣಿ ವಿಷಯಕ್ಕೆ ಬರ್ತೀನಿ. ಮಂಡಿಯ ಹಿಂದೆ ಒಂದು ಲಿಂಫ್ ಗ್ರಂಥಿ ಇರತ್ತೆ, ಆ ಕಾಲಿನದು ಎಲ್ಲಿಗಾದ್ರೂ ಹರಡೋದಾದ್ರೆ ಮೊದಲು ಹೋಗೋ ಜಾಗಗಳಲ್ಲಿ ಒಂದು. ಊದಿರಲಿಲ್ಲ, ಆದ್ರೂ ಅದಕ್ಕೂ ಸೂಜಿ ಹಾಕಿದೆ, ಊದದೇ ಇರೋ ಗ್ರಂಥಿಯಲ್ಲೂ ಕೋಶ ಕೂತಿರೋದುಂಟು. ಅಲ್ಲೊಂದು ಇಲ್ಲೊಂದು ಮಾಸ್ಟ್ ಸೆಲ್ ಇತ್ತು, ಅಷ್ಟು ಆರೋಗ್ಯವಾಗಿರೋ ಗ್ರಂಥಿಯಲ್ಲೂ ಇರತ್ತೆ. ಹೊಟ್ಟೆ ಸ್ಕ್ಯಾನಲ್ಲಿ ಲಿವರ್ ಗುಲ್ಮ ಎರಡೂ ಸರಿಯಿತ್ತು, ರಕ್ತ ಪರೀಕ್ಷೆನೂ ಸರಿಯಿತ್ತು. ಆಪರೇಷನ್‌ವರೆಗೆ ಹಿಸ್ಟಮಿನ್ ತಡೆಯೋ ಮಾತ್ರೆ, ಆಸಿಡ್ ಕಮ್ಮಿ ಮಾಡೋ ಮಾತ್ರೆ ಕೊಟ್ಟು, ಗಂಟನ್ನ ಯಾರೂ ಮುಟ್ಟಬೇಡಿ ಅಂತ ಹೇಳ್ದೆ. (ಮಾತ್ರೆ ಎಷ್ಟು ಅಂತ ಇಲ್ಲಿ ಬರೀತಿಲ್ಲ, ತೂಕ ನೋಡಿ ನಿಮ್ಮ ಡಾಕ್ಟರೇ ಹೇಳಬೇಕು.)

ಆಪರೇಷನ್ ನಾನೊಬ್ಬನೇ ಮಾಡಲಿಲ್ಲ, ಇಂಥ ಕೇಸು ಜಾಸ್ತಿ ಮಾಡಿರೋ ಸರ್ಜನ್ ಗೆಳೆಯರನ್ನ ಕರೆಸಿಕೊಂಡೆ. ಕೂದಲು ಬೋಳಿಸಿದ ಮೇಲೆ ಸ್ಕೇಲ್ ಇಟ್ಟು ಪೆನ್ನಲ್ಲಿ ಸುತ್ತ 2 ಸೆಂಟಿಮೀಟರ್ ಗುರುತು ಹಾಕಿಕೊಂಡೇ ಶುರು ಮಾಡಿದ್ವಿ, ಕತ್ತರಿಸೋಕೆ ಶುರು ಮಾಡಿದ ಮೇಲೆ ಚರ್ಮ ಎಳೆದುಕೊಂಡು ಅಳತೆ ತಪ್ಪತ್ತೆ. ತೆಗೆದ ತುಂಡನ್ನ ತಲೆ ಕಡೆ ಯಾವುದು ಕಾಲ ಕಡೆ ಯಾವುದು ಅಂತ ದಾರದಲ್ಲಿ ಗುರುತು ಮಾಡಿ, ತುಂಡಿನ ಹತ್ತರಷ್ಟು ಫಾರ್ಮಲಿನ್ ತುಂಬಿದ ಅಗಲ ಬಾಯಿಯ ಡಬ್ಬೀಲಿ ಹಾಕಿ ಪೆಥಾಲಜಿಗೆ ಕಳಿಸಿದ್ವಿ. ಪೂರ್ತಿ ತುಂಡನ್ನೇ ಕಳಿಸಬೇಕು, ಅಂಚು ನೋಡದೇ ಪೂರ್ತಿ ತೆಗೆದಿದೀವಾ ಇಲ್ವಾ ಅಂತ ಹೇಳೋಕಾಗಲ್ಲ.

ಗಾಯದ ಕೆಳ ತುದಿ ಐದನೇ ದಿನ ಸ್ವಲ್ಪ ಬಿಟ್ಕೊಳ್ತು, ಮಾಸ್ಟ್ ಸೆಲ್ ತೆಗೆದ ಜಾಗ ಕೂಡೋದು ಕೆಲವೊಮ್ಮೆ ನಿಧಾನ, ನೆಕ್ಕದ ಹಾಗೆ ಕುತ್ತಿಗೆಗೆ ಕಾಲರ್ ಹಾಕಿ ಕಾದ್ವಿ, ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದ್ವಿ. ಆಮೇಲೆ ರಿಪೋರ್ಟ್ ಬಂತು: ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲೇ ಹುಟ್ಟಿದ ಮಾಸ್ಟ್ ಸೆಲ್ ಟ್ಯೂಮರ್, ಸುತ್ತ ಅಂಚು ಸ್ಪಷ್ಟವಾಗಿದೆ, ವಿಭಜನೆ ಆಗ್ತಿರೋ ಕೋಶಗಳು ತೀರಾ ಕಮ್ಮಿ, ಕತ್ತರಿಸಿದ ಅಂಚಲ್ಲಿ ಎಲ್ಲೂ ಕ್ಯಾನ್ಸರ್ ಕೋಶ ಇಲ್ಲ. ಚರ್ಮದಲ್ಲೇ ಹುಟ್ಟಿದ್ದಕ್ಕೆ ಎಷ್ಟು ಕೆಟ್ಟದು ಅಂತ ಹೇಳೋಕೆ ಗ್ರೇಡ್ ಅಂತ ಬರೀತಾರೆ, ಹೀಗೆ ಕೆಳಗಡೆ ಹುಟ್ಟಿದ್ದಕ್ಕೆ ಆ ಗ್ರೇಡ್ ಹೊಂದಲ್ಲ, ಅಂಚು ಹೇಗಿದೆ, ಕೋಶ ಎಷ್ಟು ವೇಗದಲ್ಲಿ ವಿಭಜನೆ ಆಗ್ತಿದೆ ಅನ್ನೋದನ್ನೇ ನೋಡೋದು, ಎರಡೂ ರಾಣಿಗೆ ಒಳ್ಳೇದಿತ್ತು. ಕೀಮೋ ಬೇಕಾಗಲಿಲ್ಲ. ಕೊಬ್ಬಿನ ಪದರದ ನಡುವೆ ಕೂತಿದ್ದರಿಂದಲೇ ನನ್ನ ಮೊದಲನೇ ಸೂಜಿಗೆ ಬರೀ ಕೊಬ್ಬು ಸಿಕ್ಕಿದ್ದು ಅನ್ನೋದೂ ಆ ರಿಪೋರ್ಟಿಂದ ಖಾತ್ರಿ ಆಯ್ತು.

ಅದಾದ ಮೇಲೆ ನಾನು ನಮ್ಮ ಕ್ಲಿನಿಕ್ಕಲ್ಲಿ ಒಂದು ಬದಲಾವಣೆ ಮಾಡಿಕೊಂಡೆ, ಯಾವ ಗಂಟಿಗೂ ಎರಡು ಜಾಗಕ್ಕಿಂತ ಕಮ್ಮಿ ಚುಚ್ಚಲ್ಲ, 2 ಸೆಂಟಿಮೀಟರ್‌ಗಿಂತ ಸಣ್ಣ ಗಂಟಲ್ಲಿ ಬರೀ ಕೊಬ್ಬು ಬಂದ್ರೆ ಕಾರ್ಡಲ್ಲಿ ಲಿಪೋಮಾ ಅಂತ ಬರೆಯಲ್ಲ, ಕೊಬ್ಬು ಬಂದಿದೆ, ನಾಲ್ಕು ವಾರಕ್ಕೆ ಮತ್ತೆ ಅಳತೆ ಅಂತ ಬರೀತೀನಿ. ಮೇಷ್ಟ್ರ ಮನೇಲೂ ಒಂದು ನೋಟ್‌ಬುಕ್ ಶುರು ಆಗಿದೆ, ನಾಯಿಯ ಚಿತ್ರ ಬರೆದು ಎಲ್ಲೆಲ್ಲಿ ಗಂಟಿದೆ ಅಂತ ಚುಕ್ಕಿ, ಪಕ್ಕದಲ್ಲಿ ತಾರೀಖು, ಸ್ಕೇಲಲ್ಲಿ ಅಳೆದ ಅಳತೆ. ತಿಂಗಳಿಗೊಂದು ಭಾನುವಾರ ಸ್ನಾನ ಆದ ಮೇಲೆ ಅಮ್ಮ ಅಳೀತಾರೆ, ಮೇಷ್ಟ್ರು ಬರ್ಕೋತಾರೆ.

ಹೊಲಿಗೆ ಬಿಚ್ಚಿ ಐದು ತಿಂಗಳಾದ ಮೇಲೆ ಅದೇ ನೋಟ್‌ಬುಕ್ ಹಿಡ್ಕೊಂಡು ಇಬ್ಬರೂ ಬಂದ್ರು, ಬಾಲದ ಬುಡದಲ್ಲಿ ಹೊಸದೊಂದು, 8 ಮಿಲಿಮೀಟರ್, ಮೂರು ವಾರದಲ್ಲಿ 10 ಆಗಿದೆ. ಆಪರೇಷನ್ ಆದ ಜಾಗ ನೋಡ್ದೆ, ಚೆನ್ನಾಗಿತ್ತು, ಗ್ರಂಥಿಯೂ ಸರಿಯಿತ್ತು. ಹೊಸದಕ್ಕೆ ಎರಡು ಕಡೆ ಸೂಜಿ ಹಾಕಿದೆ, ಬೂದು ಬಣ್ಣದ ಟೂತ್‌ಪೇಸ್ಟ್ ತರದ್ದು ಬಂತು, ಮೈಕ್ರೋಸ್ಕೋಪಲ್ಲಿ ಬರೀ ಸತ್ತ ಚರ್ಮದ ಪದರಗಳು, ಕೂದಲ ಬುಡ ಮುಚ್ಚಿಕೊಂಡು ಆಗೋ ಸಿಸ್ಟ್. ಇನ್ನೊಂದು ಸ್ಲೈಡೂ ನೋಡಿ ಬಿಡಿ ಡಾಕ್ಟ್ರೇ ಅಂದ್ರು ಅಮ್ಮ. ನೋಡ್ದೆ, ಅದರಲ್ಲೂ ಅದೇ ಇತ್ತು. ಮೇಷ್ಟ್ರು ಪೆನ್ ತೆಗೆದು ಬಾಲದ ಬುಡದ ಚುಕ್ಕಿ ಪಕ್ಕ ಸಿಸ್ಟ್, ಹಿಸುಕಬಾರದು ಅಂತ ಬರ್ಕೊಂಡ್ರು.